ಅಟ್ಟದ ಪಾತ್ರೆ ಕಂಚೋ, ಹಿತ್ತಾಳೆಯೋ, ಬೆಳ್ಳಿಯೋ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿದರೆ ಒಂದು ಗೋಣಿಚೀಲವಾದರೂ ಪಾತ್ರೆ ಸಿಕ್ಕೇ ಸಿಗುತ್ತದೆ. ಸ್ಟೀಲು ಬಂದಮೇಲೆ ಮೂಲೆ ಸೇರಿದ್ದು ಕೆಲವು, ಮನೆ ಪಾಲಾದಾಗ ಯಾರ ಪಾಲಿಗೂ ಸೇರದೆ ಉಳಿದದ್ದು ಕೆಲವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಊರೂರನ್ನೇ ನುಂಗಿದಾಗ ಮನೆ ಬಿಟ್ಟವರು ಹೊತ್ತು ತಂದ ಸಾಮಾನೂ ಅದರಲ್ಲಿ ಇರಬಹುದು. ಎಲ್ಲಕ್ಕೂ ಒಂದೇ ಬಣ್ಣ, ಹೊಗೆ ಹಿಡಿದ ಕಪ್ಪು. ಯಾವುದು ಏನೆಂದು ಬಲ್ಲ ಅಜ್ಜಿ ಈಗಿಲ್ಲ. ಹೀಗಿರುವಾಗ ಗುಜರಿಯವನು ಅಂಗಳಕ್ಕೆ ಬಂದು, "ಎಲ್ಲಾ ಹಿತ್ತಾಳೆನೇ ಅಮ್ಮ, ಒಂದೇ ರೇಟು" ಎಂದರೆ ಒಪ್ಪದೆ ಬೇರೆ ದಾರಿಯಿರುವುದಿಲ್ಲ.

ಆದರೆ ಎಲ್ಲವೂ ಹಿತ್ತಾಳೆಯಲ್ಲ. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಸೇರಿಸಿದ್ದು. ಕಂಚು ಎಂದರೆ ತಾಮ್ರಕ್ಕೆ ತವರ ಸೇರಿಸಿದ್ದು. ಊಟದ ಬಟ್ಟಲು, ಜಾಗಟೆ, ಯಕ್ಷಗಾನದ ತಾಳ ಇವುಗಳ ಕಂಚಿನಲ್ಲಿ ಐದರಲ್ಲೊಂದು ಪಾಲಿನಷ್ಟು ತವರ ಇರುತ್ತದೆ. ತವರದ ಬೆಲೆ ಸತುವಿನ ಬೆಲೆಯ ಹಲವು ಪಟ್ಟು. ಹಾಗಾಗಿ ಒಳ್ಳೆಯ ಕಂಚನ್ನು ಹಿತ್ತಾಳೆಯ ರೇಟಿಗೆ ಕೊಟ್ಟರೆ ಕೊಟ್ಟವರಿಗೇ ನಷ್ಟ. ಬೆಳ್ಳಿಯದೆಂದು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಲೋಟ ಬರೀ ಲೇಪದ್ದೆಂದು ತಿಳಿಯುವುದು ಇನ್ನೊಂದು ಬಗೆಯ ಪೆಟ್ಟು.

ಇವನ್ನು ಮನೆಯಲ್ಲೇ ವಿಂಗಡಿಸಲು ಒಂದು ಅಯಸ್ಕಾಂತ, ಒಂದು ತೂಕದ ಯಂತ್ರ, ಒಂದು ಸಣ್ಣ ಅರ ಸಾಕು. ಒಂದು ವಿಷಯ ಮಾತ್ರ ಮೊದಲೇ ಗೊತ್ತಿರಬೇಕು. ಇವು ಒಂದೇ ಪ್ರಶ್ನೆಗೆ ಮೂರು ಸಲ ಉತ್ತರ ಹೇಳುವ ಪರೀಕ್ಷೆಗಳಲ್ಲ. ಅಯಸ್ಕಾಂತ ಹೇಳುವುದು ಕಬ್ಬಿಣ ಇದೆಯೋ ಇಲ್ಲವೋ ಎಂಬುದನ್ನಷ್ಟೇ. ತೂಕ ಹೇಳುವುದು ಒಟ್ಟು ಲೋಹ ಯಾವ ಕುಟುಂಬದ್ದು ಎಂದು. ಮೇಲ್ಮೈಯ ಕೆಳಗೆ ಏನಿದೆ ಎಂದು ಹೇಳುವುದು ಗೀರು. ಒಂದರ ಉತ್ತರವನ್ನು ಇನ್ನೊಂದರಿಂದ ಕೇಳಲು ಹೋದಾಗಲೇ ಜನ ಮೋಸ ಹೋಗುವುದು.

ಅಯಸ್ಕಾಂತದಿಂದ ಶುರುಮಾಡುವುದು ಸುಲಭ. ಹಾಳಾದ ರೇಡಿಯೋದ ಸ್ಪೀಕರಿನ ಹಿಂಬದಿಯಲ್ಲಿರುವ ದಪ್ಪ ಬಳೆಯಂಥದ್ದು ಧಾರಾಳವಾಯಿತು. ಫ್ರಿಜ್ಜಿಗೆ ಅಂಟಿಸುವ ಬೊಂಬೆಯ ಅಯಸ್ಕಾಂತಕ್ಕೆ ಬಲ ಸಾಲದು. ಕೈಯಲ್ಲಿ ಹಿಡಿದು ಒತ್ತುವ ಬದಲು ಸಣ್ಣ ಅಯಸ್ಕಾಂತವನ್ನು ಒಂದು ಗೇಣು ದಾರಕ್ಕೆ ಕಟ್ಟಿ ತೂಗುಬಿಡಿ, ಪಾತ್ರೆಯನ್ನು ನಿಧಾನವಾಗಿ ಅದರ ಹತ್ತಿರ ತನ್ನಿ. ಕೈಗೆ ಗೊತ್ತಾಗದ ಸಣ್ಣ ಸೆಳೆತವೂ ಆಗ ಕಣ್ಣಿಗೆ ಕಾಣುತ್ತದೆ. ತಾಮ್ರ, ಹಿತ್ತಾಳೆ, ಕಂಚು, ಬೆಳ್ಳಿ ಯಾವುದೂ ಅಂಟುವುದಿಲ್ಲ. ಕಬ್ಬಿಣದ ಕಾವಲಿ, ಬಾಣಲೆ, ಮೆಟ್ಟುಗತ್ತಿ ಟಪ್ಪನೆ ಹಿಡಿಯುತ್ತವೆ. ಪೇಟೆಯಲ್ಲಿ "ಆಂಟಿಕ್ ಹಿತ್ತಾಳೆ" ಎಂದು ಮಾರುವ ಹೊಸ ಗಂಟೆ, ಗೋಡೆಯ ಅಲಂಕಾರಗಳಲ್ಲಿ ತಗಡಿನ ಮೇಲೆ ಹಳದಿ ಲೇಪ ಕೊಟ್ಟದ್ದೂ ಇರುತ್ತದೆ, ಅದೂ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಅಂಟಿತೆಂದು ತಕ್ಷಣ ಪಾತ್ರೆಯನ್ನು ಕಬ್ಬಿಣದ ರಾಶಿಗೆ ಎಸೆಯಬೇಡಿ. ತಗಡು ಬಡಿದು ಮಾಡಿದ ಹಂಡೆ, ಕೊಳಗಗಳ ಕಂಠ ಗಟ್ಟಿಯಾಗಲೆಂದು ಒಳಗೆ ಕಬ್ಬಿಣದ ತಂತಿಯಿಟ್ಟು ಅಂಚು ಮಡಿಸಿರುವುದುಂಟು. ಅಂಥ ತಾಮ್ರದ ಹಂಡೆಯ ಕಂಠಕ್ಕೆ ಅಯಸ್ಕಾಂತ ಅಂಟುತ್ತದೆ, ಹೊಟ್ಟೆಗೆ ಅಂಟುವುದಿಲ್ಲ. ಬಿಡಿಭಾಗಗಳನ್ನು ತಿರುಗಿಸಿ ಕೂಡಿಸುವ ಕಾಲುದೀಪಗಳ ನಡುವೆ ಕಬ್ಬಿಣದ ಸರಳು ಇರಬಹುದು. ಹಿಡಿಕೆಯ ಮೊಳೆಗಳೂ ಕಬ್ಬಿಣದ್ದಿರಬಹುದು. ಆದ್ದರಿಂದ ಕಂಠ, ಹೊಟ್ಟೆ, ತಳ, ಹಿಡಿಕೆ ಎಂದು ಬೇರೆ ಬೇರೆ ಕಡೆ ನೋಡಬೇಕು. ಹಳೆಯ ಕಾಲದ ಎರಕದಲ್ಲಿ ಲೋಹದ ಶುದ್ಧಿ ಅಷ್ಟಕ್ಕಷ್ಟೇ. ಸ್ವಲ್ಪ ಕಬ್ಬಿಣ ಬೆರೆತ ಹಿತ್ತಾಳೆಯೂ ದಾರದ ಅಯಸ್ಕಾಂತವನ್ನು ತುಸು ಎಳೆಯುವುದುಂಟು. ಟಪ್ಪನೆ ಹಿಡಿಯುವುದೇ ಬೇರೆ, ತುಸು ವಾಲುವುದೇ ಬೇರೆ.

ಕಬ್ಬಿಣವಲ್ಲದೆ ಅಂಟುವ ಇನ್ನೊಂದು ಲೋಹ ನಿಕ್ಕಲ್. ಇದಕ್ಕೆ ದೇವರ ಪೆಟ್ಟಿಗೆಯಲ್ಲೇ ಒಳ್ಳೆಯ ಪಾಠವಿದೆ. ಲಕ್ಷ್ಮೀಪೂಜೆಗೆ ಇಡುವ ಹಳೆಯ ರೂಪಾಯಿಗಳನ್ನು ತೆಗೆದು ನೋಡಿ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಯುದ್ಧದ ಕಾಲದಲ್ಲಿ, 1940ರಿಂದ ಆಚೆಗೆ, ಅದನ್ನು ಅರ್ಧಕ್ಕೆ ಇಳಿಸಿದರು. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್. ತೂಕ ಮಾತ್ರ ಎಲ್ಲಕ್ಕೂ ಒಂದೇ, 11.66 ಗ್ರಾಂ. ಅಯಸ್ಕಾಂತ ಹಿಡಿದರೆ ಹುಲಿಯ ರೂಪಾಯಿ ಹಾರಿ ಬಂದು ಅಂಟುತ್ತದೆ, ಉಳಿದವು ಅಲ್ಲಾಡುವುದಿಲ್ಲ. ಬೆಳ್ಳಿಯಂತೆ ಕಾಣುವುದು ಅಂಟಿದರೆ ಅದು ಬೆಳ್ಳಿಯಲ್ಲ, ಇದು ಖಚಿತ. ಅಂಟದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ ಕೊಟ್ಟದ್ದೂ ಅಂಟುವುದಿಲ್ಲ.

ಅಲ್ಲಿಂದ ಮುಂದಿನದು ತೂಕದ ಕೆಲಸ. ಕೈಯಲ್ಲಿ ತೂಗಿ "ಭಾರ ಇದೆ, ಬೆಳ್ಳಿಯೇ ಇರಬೇಕು" ಎನ್ನುವುದರಲ್ಲಿ ಅರ್ಥವಿಲ್ಲ. ದಪ್ಪ ಹಿತ್ತಾಳೆಯ ಲೋಟವೂ ಭಾರವೇ. ನೋಡಬೇಕಾದದ್ದು ಅದೇ ಗಾತ್ರದ ನೀರಿಗಿಂತ ಲೋಹ ಎಷ್ಟು ಪಟ್ಟು ಭಾರ ಎಂಬುದನ್ನು, ಅಂದರೆ ಸಾಂದ್ರತೆಯನ್ನು. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತೂಕದ ಯಂತ್ರದಲ್ಲಿ ಇದು ಕಷ್ಟವಲ್ಲ.

ಮೊದಲು ವಸ್ತುವನ್ನು ತೊಳೆದು ಒರೆಸಿ ಒಣಗಿಸಿ ತೂಗಿ, ತೂಕ ಬರೆದುಕೊಳ್ಳಿ. ಆಮೇಲೆ ಯಂತ್ರದ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿಯಿಟ್ಟು, ವಸ್ತು ಪೂರ್ತಿ ಮುಳುಗುವಷ್ಟು ನೀರು ಹಾಕಿ, ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತನ್ನಿ. ಈಗ ವಸ್ತುವನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ ನೀರಿನೊಳಗೆ ಇಳಿಬಿಡಿ. ಅದು ಪೂರ್ತಿ ಮುಳುಗಬೇಕು, ಆದರೆ ತಳಕ್ಕೂ ಪಕ್ಕಕ್ಕೂ ತಾಗಬಾರದು. ಆಗ ಯಂತ್ರ ತೋರಿಸುವ ಗ್ರಾಂ ಎಷ್ಟೋ, ವಸ್ತು ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅಷ್ಟು. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಶುದ್ಧ ಬೆಳ್ಳಿ 10.5, ಪಾತ್ರೆಗೆ ಬಳಸುವ ತಾಮ್ರ ಬೆರೆತ ಬೆಳ್ಳಿ 10.1ರಿಂದ 10.4. ತಾಮ್ರ 8.9. ಕಂಚು 8.6ರಿಂದ 8.8, ಹಿತ್ತಾಳೆ 8.4ರಿಂದ 8.6. ಬಡಿದ ಕಬ್ಬಿಣ 7.8, ಎರಕದ ಕಬ್ಬಿಣ 7.2ರ ಆಸುಪಾಸು.

ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಕಪ್ಪಾದ ಲೋಟ 126 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಬೆಳ್ಳಿಯಾದರೆ ನೀರಿನಲ್ಲಿ ಯಂತ್ರ ಸುಮಾರು 12.2 ತೋರಿಸಬೇಕು. ತೋರಿಸಿದ್ದು 14.5. ಭಾಗಿಸಿದರೆ 8.7. ಈ ಲೋಟ ಬೆಳ್ಳಿಯಲ್ಲ. ಮೇಲೆ ಬೆಳ್ಳಿಯಿದ್ದರೂ ಒಳಗಿನದು ತಾಮ್ರದ ಕುಟುಂಬದ ಲೋಹ. ಇಲ್ಲಿ ವ್ಯತ್ಯಾಸ ಎರಡು ಗ್ರಾಂಗಿಂತ ಹೆಚ್ಚಿರುವುದರಿಂದ ಸಾಧಾರಣ ಯಂತ್ರವೂ ತಪ್ಪು ಹೇಳಲಾರದು. ಕುಂಕುಮದ ಕರಡಿಗೆಯಂಥ ಹಗುರ ವಸ್ತುವಿಗೆ ಗ್ರಾಮಿನ ಹತ್ತನೇ ಅಥವಾ ನೂರನೇ ಭಾಗ ತೋರಿಸುವ ಸಣ್ಣ ಯಂತ್ರ ಬೇಕಾಗುತ್ತದೆ.

ಇನ್ನು 612 ಗ್ರಾಮಿನ ಒಂದು ಹಳದಿ ಬಟ್ಟಲು ತೆಗೆದುಕೊಳ್ಳಿ. ನೀರಿನಲ್ಲಿ ಯಂತ್ರ 70 ತೋರಿಸಿದರೆ ಸಾಂದ್ರತೆ 8.74, ಕಂಚು ಎನ್ನಬಹುದು. 72 ತೋರಿಸಿದರೆ 8.5, ಹಿತ್ತಾಳೆ ಎನ್ನಬೇಕು. 71 ಬಂದರೆ 8.62, ಯಾವ ಕಡೆಗೂ ಸೇರದು. ಇಡೀ ತೀರ್ಪು ಒಂದು ಗ್ರಾಮಿನ ಮೇಲೆ ನಿಂತಿದೆ, ಯಂತ್ರದ ತಪ್ಪೇ ಅಷ್ಟಿರುತ್ತದೆ. ಬಟ್ಟಲಿನ ಅಡಿಯಲ್ಲಿ ನಾಲ್ಕು ಗಾಳಿಗುಳ್ಳೆ ಸಿಕ್ಕಿಕೊಂಡರೂ ಕಂಚು ಹಿತ್ತಾಳೆಯಾಗಿಬಿಡುತ್ತದೆ. ತೂಕ ಬೆಳ್ಳಿಯನ್ನು ಬೇರೆ ಮಾಡುತ್ತದೆ, ಕಬ್ಬಿಣವನ್ನು ಬೇರೆ ಮಾಡುತ್ತದೆ. ಕಂಚು, ಹಿತ್ತಾಳೆಗಳ ಜಗಳ ಬಿಡಿಸುವುದು ಅದರ ಕೈಲಾಗದ ಕೆಲಸ. ಎಷ್ಟೋ ಮಂದಿ ಇದನ್ನು ಒಪ್ಪುವುದಿಲ್ಲ, ದಶಾಂಶಗಳನ್ನು ಹಿಡಿದು ವಾದ ಮಾಡುತ್ತಾರೆ.

ಗಾಳಿಗುಳ್ಳೆಗೆ ಉಪಾಯವಿದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟಲನ್ನು ಓರೆಯಾಗಿ ಇಳಿಸಿ ಒಮ್ಮೆ ಅಲುಗಿಸಬೇಕು. ಇದಕ್ಕಿಂತ ದೊಡ್ಡ ತೊಡಕು ಟೊಳ್ಳು ವಸ್ತುಗಳದ್ದು. ಬಾಯಿ ಮುಚ್ಚಿದ ಹಿಡಿಕೆ, ಒಳಗೆ ಅರಗು ತುಂಬಿದ ಬೆಳ್ಳಿ ವಿಗ್ರಹ, ಪನ್ನೀರುದಾನಿಯ ಬುಡ ಇವು ಇರುವುದಕ್ಕಿಂತ ಹಗುರವಾದ ಲೋಹದಂತೆ ತೋರುತ್ತವೆ. ದೀಪದ ಬುಡಕ್ಕೆ ಸೀಸ ಹೊಯ್ದಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ, ಸೀಸ 11.3 ಇರುವುದರಿಂದ ಹಿತ್ತಾಳೆಯ ದೀಪ ಬೆಳ್ಳಿಯ ಅಂಕಿ ತೋರಿಸಲೂಬಹುದು. ಲೋಟ, ಬಟ್ಟಲು, ತಟ್ಟೆ, ಉದ್ಧರಣೆಗಳಂತೆ ಒಳಹೊರಗೆ ಎರಡೂ ಕಾಣುವ ವಸ್ತುಗಳಲ್ಲಿ ಮಾತ್ರ ಈ ಅಂಕಿಯನ್ನು ನಂಬಬಹುದು.

ಉಳಿದದ್ದು ಗೀರು. ಅಕ್ಕಸಾಲಿಗರ ಹತ್ತಿರ ಒರೆಗಲ್ಲು ಇರುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ಬದಲಿ ಉಪ್ಪಿನಕಾಯಿ ಜಾಡಿ. ಅಪ್ಪೆಮಿಡಿ ಹಾಕಿಡುವ ಪಿಂಗಾಣಿ ಜಾಡಿಯನ್ನು, ಖಾಲಿಯಾದಾಗ, ಕವುಚಿ ನೋಡಿ: ತಳದ ಸುತ್ತ ಹೊಳಪಿಲ್ಲದ ಒರಟು ಬಳೆಯೊಂದಿರುತ್ತದೆ. ಬಿಳಿ ಟೈಲಿನ ಹಿಂಬದಿಯೂ ಆದೀತು. ಅದರ ಮೇಲೆ ಲೋಹವನ್ನು ಒತ್ತಿ ಎಳೆದರೆ ಬಣ್ಣದ ಗೆರೆ ಬೀಳುತ್ತದೆ. ತಾಮ್ರದ ಗೆರೆ ಕೆಂಪು, ಬೆಳ್ಳಿಯದು ಬಿಳಿ, ಕಬ್ಬಿಣದ್ದು ಕಪ್ಪು ಬೂದಿ. ಹಿತ್ತಾಳೆಯದು ನಿಂಬೆಹಣ್ಣಿನ ಹಳದಿ. ಕಂಚಿನದು ಅದಕ್ಕಿಂತ ಪೇಲವ, ಬೂದು ಮಿಶ್ರಿತ ಹಳದಿ. ಒಂಟಿ ಗೆರೆ ನೋಡಿ ತೀರ್ಮಾನಿಸಬಾರದು. ಪಕ್ಕದಲ್ಲೇ ಗೊತ್ತಿರುವ ಲೋಹದ ಗೆರೆ ಎಳೆದು ಹೋಲಿಸಬೇಕು. ಹಳೆಯ ಮೂರು ಪಿನ್ನಿನ ಪ್ಲಗ್ಗಿನ ಹಳದಿ ಪಿನ್ನು ಹಿತ್ತಾಳೆಗೆ, ಕರೆಂಟಿನ ತಂತಿ ತಾಮ್ರಕ್ಕೆ, ಮನೆಯ ಜಾಗಟೆಯ ಅಂಚು ಕಂಚಿಗೆ ಸಾಕ್ಷಿ.

ಲೇಪವಿದೆಯೆಂಬ ಅನುಮಾನವಿದ್ದರೆ ಒರೆಯ ಗೆರೆ ಸಾಲದು, ಏಕೆಂದರೆ ಗೆರೆಗೆ ಬರುವುದು ಮೇಲಿನ ಲೇಪವೇ. ಆಗ ಅರ ಹಿಡಿಯಬೇಕು. ತಳದ ಬಳೆಯ ಒಳಬದಿಯಂಥ, ಯಾರಿಗೂ ಕಾಣದ ಜಾಗದಲ್ಲಿ ತ್ರಿಕೋನ ಅರದ ಮೂಲೆಯಿಂದ ಒಂದೇ ಕಡೆ ಮೂರು ನಾಲ್ಕು ಸಲ ಎಳೆಯಿರಿ. ಬೆಳ್ಳಿ ಲೇಪ ಕೂದಲೆಳೆಗಿಂತ ತೆಳು, ಅಷ್ಟಕ್ಕೇ ಹರಿದುಹೋಗುತ್ತದೆ. ಗೀರಿನ ತಳವನ್ನು ಅಂಗಳದ ಬೆಳಕಿನಲ್ಲಿ, ಭೂತಗನ್ನಡಿಯಿದ್ದರೆ ಅದರಲ್ಲಿ, ಆಗಲೇ ನೋಡಿ. ಬಲ್ಬಿನ ಹಳದಿ ಬೆಳಕಿನಲ್ಲಿ ಎಲ್ಲವೂ ಹಿತ್ತಾಳೆಯೇ. ಮೇಲೆ ಬಿಳಿ, ಗೀರಿನ ತಳದಲ್ಲಿ ಹಳದಿ ಕಂಡರೆ ಹಿತ್ತಾಳೆಯ ಮೇಲೆ ಲೇಪ. ಕೆಂಪು ಕಂಡರೆ ತಾಮ್ರದ ಮೇಲೆ.

ನಮ್ಮ 126 ಗ್ರಾಮಿನ ಲೋಟಕ್ಕೆ ಅರ ಹಾಕಿದಾಗ ಹಳದಿಯೂ ಕಾಣದೆ ಕೆಂಪೂ ಕಾಣದೆ, ತಳದವರೆಗೂ ಬಿಳಿಯೇ ಉಳಿದರೆ? ಆಗ ಅದು ಜರ್ಮನ್ ಸಿಲ್ವರ್. ತಾಮ್ರ, ಸತು, ನಿಕ್ಕಲ್ ಸೇರಿದ ಈ ಮಿಶ್ರಲೋಹದಲ್ಲಿ ಬೆಳ್ಳಿ ಹೆಸರಿನಲ್ಲಷ್ಟೇ ಇದೆ. ನಿಕ್ಕಲ್ ಇದ್ದರೂ ತಾಮ್ರದಲ್ಲಿ ಕರಗಿರುವುದರಿಂದ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಗೀರಿದರೂ ಬಿಳಿ. ಇದನ್ನು ಹಿಡಿಯುವುದು ತೂಕ ಮಾತ್ರ. ತಳದಲ್ಲಿ ಇ.ಪಿ.ಎನ್.ಎಸ್. ಎಂಬ ಇಂಗ್ಲಿಷ್ ಅಕ್ಷರಗಳ ಮುದ್ರೆಯಿದ್ದರೆ ಪರೀಕ್ಷೆಯೇ ಬೇಡ. ಇದೇ ಲೋಹದ ಮೇಲೆ ಬೆಳ್ಳಿ ಲೇಪ ಎಂದೇ ಅದರ ಅರ್ಥ. ಚಪ್ಪಟೆ ತಟ್ಟೆಯಾದರೆ ಗೀರದೆಯೂ ಒಂದು ಸುಳಿವು ಸಿಗುತ್ತದೆ. ಗುಂಡಿಯಂಥ ಪುಟ್ಟ ನಿಯೋಡೈಮಿಯಂ ಅಯಸ್ಕಾಂತವನ್ನು ಓರೆ ಹಿಡಿದ ತಟ್ಟೆಯ ಮೇಲೆ ಜಾರಿಬಿಡಿ. ದಪ್ಪ ಬೆಳ್ಳಿಯ ಮೇಲೆ ಅದು ತಡೆತಡೆದು, ನಿಧಾನವಾಗಿ ಇಳಿಯುತ್ತದೆ. ಜರ್ಮನ್ ಸಿಲ್ವರ್ ಮೇಲೆ ಸರ್ರನೆ ಜಾರುತ್ತದೆ. ಬೆಳ್ಳಿಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ, ಚಲಿಸುವ ಅಯಸ್ಕಾಂತ ಹುಟ್ಟಿಸುವ ಸುಳಿಪ್ರವಾಹವೇ ಅದನ್ನು ಹಿಡಿದೆಳೆಯುತ್ತದೆ. ತಾಮ್ರದ ಮೇಲೂ ಹೀಗೇ ತಡೆಯುವುದರಿಂದ, ತಾಮ್ರದ ಮೇಲಿನ ಬೆಳ್ಳಿ ಲೇಪವನ್ನು ಈ ಪರೀಕ್ಷೆ ಹಿಡಿಯಲಾರದು.

ಒಳಗೆ ಮಾತ್ರ ಬೆಳ್ಳಗಿರುವ ಹಿತ್ತಾಳೆ ಚೊಂಬು, ತಪ್ಪಲೆಗಳ ಬಗ್ಗೆ ಕೆಲವರಿಗೆ ಆಸೆ ಹುಟ್ಟುತ್ತದೆ. ಅದು ಬೆಳ್ಳಿಯಲ್ಲ, ಕಲಾಯಿ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಬಟ್ಟೆಯಿಂದ ಒರೆಸುತ್ತಿದ್ದರಲ್ಲ, ಅದೇ. ತವರ ಮೆತ್ತನೆಯದು, ಹಳೆಯದಾದಷ್ಟೂ ಮಂಕಾದ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯಂತೆ ಕಪ್ಪಾಗುವುದಿಲ್ಲ.

ಈಗ ಆ 612 ಗ್ರಾಮಿನ ಬಟ್ಟಲಿಗೆ ಮರಳೋಣ. ಅಯಸ್ಕಾಂತ ಅಂಟಲಿಲ್ಲ, ತೂಕ ಎರಡರ ನಡುವೆ ನಿಂತಿತು. ಅದರ ತಳಕ್ಕೆ ಅರ ಹಾಕಿದಾಗ ಕೈಗೆ ಆಗುವ ಅನುಭವವೇ ಅರ್ಧ ಉತ್ತರ. ಹಿತ್ತಾಳೆಯಲ್ಲಿ ಅರ ಸುಲಭವಾಗಿ ಕಚ್ಚುತ್ತದೆ, ಹೊಳೆಯುವ ಹಳದಿ ಪುಡಿ ಉದುರುತ್ತದೆ. ಕಂಚು ಗಡಸು, ಅರ ಮೊದಲು ಜಾರುತ್ತದೆ, ಆಮೇಲೆ ಕಿರ್ರೆಂದು ಸದ್ದು ಮಾಡುತ್ತಾ ಪೇಲವ ಬಣ್ಣದ ಸಣ್ಣ ಪುಡಿ ಬರುತ್ತದೆ. ಇದೇ ಗಡಸುತನದ ಇನ್ನೊಂದು ಗುರುತನ್ನು ಪಾತ್ರೆಯ ಮೈಯಲ್ಲೇ ಓದಬಹುದು. ಬಿದ್ದ ಹಿತ್ತಾಳೆ ನೆಗ್ಗುತ್ತದೆ, ಬಿದ್ದ ಕಂಚು ಒಡೆಯುತ್ತದೆ. ಅಟ್ಟದ ಚೀಲದಲ್ಲಿ ಹೊಟ್ಟೆ ತಗ್ಗಾದ ಚೊಂಬು ಸಿಕ್ಕರೆ ಅದು ಕಂಚಲ್ಲ. ಅಂಚು ಚಕ್ಕೆಯೆದ್ದ, ಮುರಿದ ಕಡೆ ಹರಳು ಹರಳಾಗಿ ಬೂದು ಬಿಳಿ ಕಾಣುವ ಬಟ್ಟಲು ಸಿಕ್ಕರೆ ಅದು ಕಂಚೇ. ಬಿರುಕಿಲ್ಲದ ಬಟ್ಟಲನ್ನು ಬೆರಳ ತುದಿಯ ಮೇಲೆ ಕೂರಿಸಿ ಮರದ ಸೌಟಿನಿಂದ ಅಂಚಿಗೆ ತಟ್ಟಿ ನೋಡಿ. ಕಂಚಿನ ನಾದ ಬಹಳ ಹೊತ್ತು ಉಳಿಯುತ್ತದೆ, ಹಿತ್ತಾಳೆಯದು ಬೇಗ ಅಡಗುತ್ತದೆ. ಭಾಗವತರ ಕೈಯ ತಾಳವನ್ನು ಕಂಚಿನಲ್ಲಿ ಮಾಡುವುದು ಈ ಕಾರಣಕ್ಕೇ. ಗೀರು, ಅರದ ಸದ್ದು, ತಟ್ಟಿದ ನಾದ ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ, ತೂಕದ ಆ ಒಂದು ಗ್ರಾಮಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಸಿರು ಕಿಲುಬು ಮಾತ್ರ ಇಲ್ಲಿ ಸಹಾಯಕ್ಕೆ ಬಾರದು. ತಾಮ್ರ, ಹಿತ್ತಾಳೆ, ಕಂಚು ಮೂರಕ್ಕೂ ಅದು ಬರುತ್ತದೆ, ನಮ್ಮ ಮಳೆಗಾಲದಲ್ಲಂತೂ ಬೇಗ. ಬಣ್ಣವನ್ನೇ ಪೂರ್ತಿ ನಂಬುವುದೂ ಬೇಡ. ಸತು ಕಡಿಮೆಯಿರುವ ಹಿತ್ತಾಳೆ ಹಳದಿಯಾಗಿರದೆ ಕೆಂಪಗೆ ಕಾಣುತ್ತದೆ. ಹಳೆಯ ಎರಕದವರು ಸಿಕ್ಕ ಚೂರನ್ನೆಲ್ಲ ಕರಗಿಸಿದಾಗ ಸತು, ತವರ ಎರಡೂ ಇರುವ ಪಾತ್ರೆ ಹುಟ್ಟುತ್ತದೆ. ಅಂಥದ್ದಕ್ಕೆ ಮನೆಯ ಪರೀಕ್ಷೆಯಲ್ಲಿ ಹೆಸರಿಡಲು ಬಾರದು.

ಅರವನ್ನು ದೇವರ ವಿಗ್ರಹದ ಹತ್ತಿರ ಒಯ್ಯಬೇಡಿ. ಹೊಸನಗರ ತಾಲ್ಲೂಕಿನ ಹುಂಚದಂಥ ಜೈನ ಕ್ಷೇತ್ರ, ಸಾಗರದ ಪಕ್ಕದ ಇಕ್ಕೇರಿ, ಕೆಳದಿ, ತೀರ್ಥಹಳ್ಳಿ ಕಡೆಯ ಕವಲೇದುರ್ಗ ಇರುವ ಸೀಮೆ ಇದು. ಹಳೆಯ ಲೋಹದ ಮೂರ್ತಿ ಯಾರ ಮನೆಯಲ್ಲಾದರೂ ಇರಬಹುದು. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರುತ್ತದೆ, ಅದನ್ನು ಗುಜರಿಯ ಚೀಲಕ್ಕೆ ಹಾಕುವಂತಿಲ್ಲ. ಅಂಥದ್ದರ ಹಳೆಯ ಬಣ್ಣವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆಯುವುದೂ ಬೇಡ. ದಾರಕ್ಕೆ ಕಟ್ಟಿದ ಅಯಸ್ಕಾಂತ, ಒಣ ತೂಕ ಇವಿಷ್ಟಕ್ಕೇ ನಿಲ್ಲಿಸಿ.

ಮನೆಯಲ್ಲಿ ತೀರ್ಮಾನವಾಗದೆ ಉಳಿದದ್ದನ್ನು ಕ್ಯಾರೆಟ್ ಮೀಟರ್ ಇಟ್ಟುಕೊಂಡಿರುವ ಚಿನ್ನ ಬೆಳ್ಳಿ ಅಂಗಡಿಗೆ ಒಯ್ಯಬಹುದು. ಎಕ್ಸ್‌-ಕಿರಣ ಹಾಯಿಸಿ ಯಾವ ಲೋಹ ನೂರಕ್ಕೆ ಎಷ್ಟು ಪಾಲು ಎಂದು ಅದು ತೋರಿಸುತ್ತದೆ. ಸತುವೋ ತವರವೋ ಎಂಬ ಜಗಳ ಅಲ್ಲಿ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಆ ಯಂತ್ರವೂ ಓದುವುದು ಮೇಲಿನ ತೆಳು ಪದರವನ್ನೇ. ದಪ್ಪ ಲೇಪದ ಲೋಟವನ್ನು ಹಾಗೇ ಇಟ್ಟರೆ ಬೆಳ್ಳಿ ಎಂದುಬಿಡುತ್ತದೆ. ತಳದಲ್ಲಿ ಅಗಲವಾಗಿ ಒಂದು ಕಡಲೆಬೇಳೆಯಷ್ಟು ಜಾಗವನ್ನು ಅರದಿಂದ ಉಜ್ಜಿಕೊಂಡು ಹೋಗಿ, ಆ ಜಾಗವನ್ನೇ ಯಂತ್ರದ ಕಿಂಡಿಯ ಮೇಲೆ ಇಡಲು ಹೇಳಿ.